ತನ್ನ ತಕ್ಕಡಿಯನ್ನು ತಾನೇ ತೂಗಿದರೆ
ರಕ್ತಪರೀಕ್ಷೆಯ ಸಂಖ್ಯೆಗಳೂ ಹೊರಗಿನವರ ಒರೆಗಲ್ಲೂ

ಠಾಣೆಯಿಂದ ಕಲ್ಯಾಣದವರೆಗೆ, ಇತ್ತ ವಾಶಿಯಿಂದ ಪನವೇಲಿನವರೆಗೆ, ರಕ್ತ ಪರೀಕ್ಷಿಸುವ ಲ್ಯಾಬೊರೇಟರಿ ಇಲ್ಲದ ಪೇಟೆ ಇಂದು ಇಲ್ಲವೆನ್ನಬಹುದು. ಡೊಂಬಿವಲಿಯ ಸ್ಟೇಷನ್ ಬಳಿಯ ಒಂದೇ ಬೀದಿಯಲ್ಲಿ ಮೂರು ನಾಲ್ಕು ಫಲಕಗಳು ಕಣ್ಣಿಗೆ ಬೀಳುತ್ತವೆ. ಹೋಟೆಲು, ಕ್ಯಾಂಟೀನು, ಕಚೇರಿ, ಕಾರ್ಖಾನೆಗಳಲ್ಲಿ ಹಗಲಿರುಳು ದುಡಿಯುವ ನಮ್ಮವರಲ್ಲಿ ಸಕ್ಕರೆ ಕಾಯಿಲೆಯ ಭಯವಿಲ್ಲದವರು ವಿರಳ. ಬೆಳಗ್ಗೆ ಬರಿಹೊಟ್ಟೆಯಲ್ಲಿ ರಕ್ತ ಕೊಟ್ಟು, ಸಂಜೆ ಬಂದ ಕಾಗದದಲ್ಲಿ ಅಚ್ಚಾದ ಒಂದು ಸಂಖ್ಯೆಯನ್ನು ನೋಡಿ ಸಮಾಧಾನಗೊಳ್ಳುವುದೋ ಎದೆಗುಂದುವುದೋ ನಮ್ಮ ವಾಚಕರಿಗೆ ಹೊಸತಲ್ಲ. ಆ ಸಂಖ್ಯೆ ಸರಿಯೆಂದು ಲ್ಯಾಬಿನವರಿಗೆ ಹೇಗೆ ತಿಳಿಯುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಇಂದು ಆ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇವೆ.

ಹೋಟೆಲು ನಡೆಸಿದವರಿಗೆ ತಕ್ಕಡಿಯ ಸಂಗತಿ ಚೆನ್ನಾಗಿ ಗೊತ್ತು. ಅಂಗಡಿಯ ಒಂದು ಕಿಲೋ ಬಟ್ಟು ಸವೆದು ಐವತ್ತು ಗ್ರಾಂ ಕಡಿಮೆಯಾಗಿದೆ ಎನ್ನಿ. ಅದೇ ಬಟ್ಟನ್ನಿಟ್ಟು ದಿನಕ್ಕೆ ಹತ್ತು ಸಲ ತೂಗಿದರೂ ತಕ್ಕಡಿಯ ಮುಳ್ಳು ನಡುವಿಗೇ ನಿಲ್ಲುತ್ತದೆ. ಇಂದಿನ ತೂಕವೂ ನಿನ್ನೆಯ ತೂಕವೂ ಒಂದೇ ಆಗಿರುವುದರಿಂದ ಅಂಗಡಿಯವನಿಗೆ ಸಂದೇಹವೇ ಹುಟ್ಟದು. ತೂಕ ಮತ್ತು ಅಳತೆಯ ಅಧಿಕಾರಿ ತನ್ನ ಬಟ್ಟನ್ನು ತಂದು ಇಟ್ಟ ದಿನವೇ ಸವೆತ ಬೆಳಕಿಗೆ ಬರುವುದು. ಪ್ರತಿಸಲವೂ ಒಂದೇ ಉತ್ತರ ಬರುವುದು ಒಂದು ಗುಣ. ಆ ಉತ್ತರ ನಿಜವಾಗಿರುವುದು ಬೇರೊಂದು ಗುಣ. ಮೊದಲನೆಯದನ್ನು ಲ್ಯಾಬು ತನ್ನೊಳಗೇ ಪರೀಕ್ಷಿಸಿಕೊಳ್ಳಬಲ್ಲುದು. ಎರಡನೆಯದಕ್ಕೆ ಹೊರಗಿನವರು ಬೇಕು.

ಒಳಗಿನ ಕಾವಲು

ಒಳಗಿನ ಪರೀಕ್ಷೆಯ ಕ್ರಮ ಹೀಗಿದೆ. ಲ್ಯಾಬಿನವರು ‘ಕಂಟ್ರೋಲ್’ ಎಂಬ ಸಿದ್ಧ ಸೀರಮ್ಮನ್ನು ಕೊಂಡು ತಂದು, ರೋಗಿಗಳ ರಕ್ತವನ್ನು ಯಂತ್ರಕ್ಕೆ ಕೊಡುವ ಮೊದಲು ಪ್ರತಿದಿನವೂ ಅದನ್ನು ಅಳೆಯುತ್ತಾರೆ. ಆರಂಭದಲ್ಲಿ ಇಪ್ಪತ್ತು ದಿನ ಅಳೆದು ಸರಾಸರಿಯನ್ನೂ, ಉತ್ತರಗಳು ಆ ಸರಾಸರಿಯಿಂದ ಎಷ್ಟು ಆಚೀಚೆ ಓಲಾಡುತ್ತವೆ ಎಂಬ ಪ್ರಮಾಣ ವಿಚಲನೆಯನ್ನೂ ಕಂಡುಕೊಳ್ಳುತ್ತಾರೆ. ಬಳಿಕ ಒಂದು ನಕ್ಷೆಯಲ್ಲಿ ಸರಾಸರಿಯ ಗೆರೆಯನ್ನೂ, ಅದರ ಮೇಲೆ ಕೆಳಗೆ ಎರಡೆರಡು ವಿಚಲನೆಗಳ ದೂರದಲ್ಲಿ ಎಚ್ಚರಿಕೆಯ ಗೆರೆಗಳನ್ನೂ ಎಳೆದು, ದಿನಕ್ಕೊಂದು ಚುಕ್ಕೆ ಇಡುತ್ತಾರೆ. ಕಾರ್ಖಾನೆಯ ಸರಕನ್ನು ಪರೀಕ್ಷಿಸಲು ಅಮೆರಿಕದ ಶೂಹಾರ್ಟ್ 1924ರಲ್ಲಿ ಕಂಡುಹಿಡಿದ ಈ ನಕ್ಷೆಯನ್ನು ಲೆವಿ ಮತ್ತು ಜೆನ್ನಿಂಗ್ಸ್ ಎಂಬಿಬ್ಬರು 1950ರಲ್ಲಿ ರಕ್ತಪರೀಕ್ಷೆಗೆ ಅಳವಡಿಸಿದರು. ಇಂದಿಗೂ ಲ್ಯಾಬುಗಳಲ್ಲಿ ಅದು ಅವರ ಹೆಸರಿನಿಂದಲೇ ಬಳಕೆಯಲ್ಲಿದೆ.

ಇದು ಒಳ್ಳೆಯ ಕಾವಲುಗಾರ. ಯಂತ್ರದ ದೀಪ ಮಂಕಾದರೆ, ಕಿಟ್ ಕೆಟ್ಟರೆ, ಟೆಕ್ನಿಷಿಯನ್ನರ ಕೈ ತಪ್ಪಿದರೆ, ನಿನ್ನೆಯ ಚುಕ್ಕೆಗೂ ಇಂದಿನ ಚುಕ್ಕೆಗೂ ಅಂತರ ಬಿದ್ದು ವಿಷಯ ಹೊರಬೀಳುತ್ತದೆ. ಆದರೆ ಸರಾಸರಿಯ ಗೆರೆಯನ್ನು ಎಳೆದವರು ಯಾರು? ಅದೇ ಲ್ಯಾಬು, ಅದೇ ಯಂತ್ರ. ಗೆರೆ ಎಳೆಯುವ ಹೊತ್ತಿಗಾಗಲೇ ಯಂತ್ರ ಒಂದು ಕಡೆಗೆ ವಾಲಿದ್ದರೆ ಆ ವಾಲಿಕೆಯೂ ಗೆರೆಯೊಳಗೆ ಸೇರಿಹೋಗುತ್ತದೆ. ಆಮೇಲೆ ಚುಕ್ಕೆಗಳು ಎಷ್ಟೇ ಅಂದವಾಗಿ ಸಾಲುಗಟ್ಟಿದರೂ ಅವು ಹೇಳುವುದು ‘ನಾನು ನಿನ್ನೆಯಂತೆಯೇ ಇದ್ದೇನೆ’ ಎಂಬಷ್ಟನ್ನೇ.

ಹೊರಗಿನ ಒರೆಗಲ್ಲು

ಹೊರಗಿನವರು ಪರೀಕ್ಷಿಸಿದರೆ ಏನಾಗುತ್ತದೆಂಬುದು 1947ರಲ್ಲೇ ಜಗತ್ತಿಗೆ ತಿಳಿಯಿತು. ಅಮೆರಿಕದ ಬೆಲ್ಕ್ ಮತ್ತು ಸಂಡರ್ಮನ್ ಎಂಬ ವೈದ್ಯರು ಒಂದೇ ಬಗೆಯ ದ್ರಾವಣಗಳನ್ನು ಪೆನ್ಸಿಲ್ವೇನಿಯಾ ಪ್ರಾಂತದ ಆಸ್ಪತ್ರೆಗಳ ಲ್ಯಾಬುಗಳಿಗೆ ಕಳುಹಿಸಿ ಉತ್ತರಗಳನ್ನು ತರಿಸಿಕೊಂಡರು. ತೃಪ್ತಿಕರವಾದ ಉತ್ತರಗಳಿಗಿಂತ ಅತೃಪ್ತಿಕರವಾದವುಗಳೇ ಹೆಚ್ಚಾಗಿದ್ದವು. ಅವೆಲ್ಲವೂ ದಿನನಿತ್ಯ ರೋಗಿಗಳಿಗೆ ವರದಿ ಕೊಡುತ್ತಿದ್ದ ಲ್ಯಾಬುಗಳೇ ಆಗಿದ್ದವು.

ಅಂಥದೇ ವ್ಯವಸ್ಥೆಯನ್ನು ನಮ್ಮ ದೇಶದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ದಶಕಗಳಿಂದ ನಡೆಸಿಕೊಂಡು ಬಂದಿದ್ದಾರೆ. ರಕ್ತಕಣಗಳ ಎಣಿಕೆಯ ವಿಷಯದಲ್ಲಿ ದಿಲ್ಲಿಯ ಏಮ್ಸ್ ಸಂಸ್ಥೆಯಿಂದ ಇಂಥ ಯೋಜನೆ ನಡೆಯುತ್ತಿದೆ. ಇದಕ್ಕೆ ‘ಬಾಹ್ಯ ಗುಣಮಟ್ಟ ನಿರ್ಧಾರಣ ಯೋಜನೆ’ ಎಂದು ಹೆಸರು. ಲ್ಯಾಬಿನವರ ಬಾಯಲ್ಲಿ ಇದು ‘ಈಕ್ವಾಸ್’. ಚಂದಾ ಕಟ್ಟಿದ ಲ್ಯಾಬಿಗೆ ಒಳಗೇನಿದೆಯೆಂದು ಹೇಳದ ಸೀಸೆಗಳು ಬರುತ್ತವೆ. ಸಾಮಾನ್ಯವಾಗಿ ತಿಂಗಳಿಗೊಂದರಂತೆ ಅವನ್ನು ಗೊತ್ತಾದ ದಿನಗಳಲ್ಲಿ ಅಳೆದು ಉತ್ತರ ಕಳುಹಿಸಬೇಕು. ಅದೇ ಸೀಸೆ ನೂರಾರು ಲ್ಯಾಬುಗಳಿಗೆ ಹೋಗಿರುತ್ತದೆ. ಒಂದೇ ವಿಧಾನ ಅಥವಾ ಒಂದೇ ಬಗೆಯ ಯಂತ್ರ ಬಳಸುವವರನ್ನು ಒಂದು ಗುಂಪು ಮಾಡಿ, ಆ ಸಮಾನರ ಗುಂಪಿನ ಸರಾಸರಿಯಿಂದ ನೀವೆಷ್ಟು ದೂರವಿದ್ದೀರೆಂದು ಅಂಕ ಕೊಡುತ್ತಾರೆ.

ಅಂಕದ ಲೆಕ್ಕ ಸುಲಭವಾದುದು. ನಿಮ್ಮ ಉತ್ತರದಿಂದ ಗುಂಪಿನ ಸರಾಸರಿಯನ್ನು ಕಳೆಯಬೇಕು. ಉಳಿದುದನ್ನು ಗುಂಪಿನ ಪ್ರಮಾಣ ವಿಚಲನೆಯಿಂದ ಭಾಗಿಸಬೇಕು. ಉತ್ತರ ಸರಾಸರಿಗಿಂತ ಹೆಚ್ಚಾಗಿದ್ದರೆ ಅಂಕ ಧನ, ಕಡಿಮೆಯಾಗಿದ್ದರೆ ಋಣ. ರೂಢಿಯಲ್ಲಿ ಅಂಕ 2ರ ಒಳಗಿದ್ದರೆ ತೃಪ್ತಿಕರ, 2ರಿಂದ 3ರವರೆಗೆ ಎಚ್ಚರಿಕೆ, 3ನ್ನು ಮೀರಿದರೆ ಅತೃಪ್ತಿಕರ.

ಬಹುಮಂದಿ ಲ್ಯಾಬಿನವರು ‘ತೃಪ್ತಿಕರ’ ಎಂಬ ಮಾತು ಕಂಡೊಡನೆ ಕಾಗದವನ್ನು ಫೈಲಿಗೆ ಸೇರಿಸಿಬಿಡುತ್ತಾರೆ. ಈ ಯೋಜನೆಯ ನಿಜವಾದ ಪ್ರಯೋಜನ ಕೈತಪ್ಪುವುದು ಅಲ್ಲಿಯೇ. ಒಂದು ಉದಾಹರಣೆಯಿಂದ ಇದನ್ನು ಬಿಡಿಸಿ ನೋಡೋಣ. ಇದರ ಸಂಖ್ಯೆಗಳು ಲೆಕ್ಕಕ್ಕಾಗಿ ನಾವೇ ಇಟ್ಟುಕೊಂಡವು. ಯಾವೊಂದು ಲ್ಯಾಬಿಗೂ ಸೇರಿದವಲ್ಲ. ದೋಷದ ಬಗೆ ಮಾತ್ರ ಎಲ್ಲಿಯೂ ನಡೆಯಬಹುದಾದದ್ದು.

ಆರು ತಿಂಗಳ ಅಂಕಗಳು

ಡೊಂಬಿವಲಿಯಲ್ಲಿ ಒಂದು ಸಣ್ಣ ಲ್ಯಾಬು ಇದೆಯೆಂದು ಎಣಿಸೋಣ. ಡಿಸೆಂಬರ್ ಕೊನೆಗೆ ಸಕ್ಕರೆ ಅಳೆಯುವ ಸಾಮಗ್ರಿಯ ಹೊಸ ಲಾಟ್ ಬಂದಿತು. ಅದರೊಡನೆ ಹೊಸ ಕ್ಯಾಲಿಬ್ರೇಟರೂ ಬಂದಿತು. ಕ್ಯಾಲಿಬ್ರೇಟರೆಂದರೆ ಯಂತ್ರಕ್ಕೆ ‘ಇಷ್ಟು ಬಣ್ಣಕ್ಕೆ ಇಷ್ಟು ಸಕ್ಕರೆ’ ಎಂದು ಕಲಿಸುವ ದ್ರವ. ಅದೇ ಇಲ್ಲಿಯ ಬಟ್ಟು. ಹಳೆಯ ಲಾಟಿನ ಕ್ಯಾಲಿಬ್ರೇಟರಿನಲ್ಲಿ ಡೆಸಿಲೀಟರಿಗೆ 100 ಮಿಲಿಗ್ರಾಂ ಸಕ್ಕರೆಯಿತ್ತು. ಹೊಸದರಲ್ಲಿ 106 ಇದೆಯೆಂದು ಅದರ ಚೀಟಿಯಲ್ಲಿ ಅಚ್ಚಾಗಿದೆ. ಯಂತ್ರದಲ್ಲಿ ಮಾತ್ರ ಹಳೆಯ 100 ಹಾಗೆಯೇ ಉಳಿದುಹೋಯಿತು. ಅಂದಿನಿಂದ ಯಂತ್ರ 106ನ್ನು 100 ಎಂದೂ, 212ನ್ನು 200 ಎಂದೂ ಓದತೊಡಗಿತು. ಎಲ್ಲ ರೋಗಿಗಳ ಸಕ್ಕರೆಯೂ ನೂರಕ್ಕೆ ಸುಮಾರು ಐದೂವರೆಯಷ್ಟು ಕಡಿಮೆಯಾಗಿ ಕಾಣಿಸಿತು.

ಒಳಗಿನ ಕಾವಲುಗಾರ ಇದನ್ನೇಕೆ ಹಿಡಿಯಲಿಲ್ಲ? ಕಂಟ್ರೋಲ್ ಸೀರಮ್ಮಿನ ಹೊಸ ಲಾಟನ್ನೂ ಅದೇ ವಾರ ತೆರೆದಿದ್ದರು. ಹಳೆಯದನ್ನೂ ಹೊಸದನ್ನೂ ಕೆಲವು ದಿನ ಜೊತೆಜೊತೆಯಾಗಿ ಅಳೆಯಬೇಕೆಂಬ ಕ್ರಮವನ್ನು ಕೈಬಿಟ್ಟಿದ್ದರು. ಹೊಸ ಕಂಟ್ರೋಲಿನ ನಿಜವಾದ ಬೆಲೆ 100. ಇಪ್ಪತ್ತು ದಿನ ಅಳೆದಾಗ ಸರಾಸರಿ 94.5 ಬಂದಿತು, ಅದನ್ನೇ ನಡುಗೆರೆಯಾಗಿ ಎಳೆದರು. ಕಂಟ್ರೋಲ್ ತಯಾರಿಸಿದ ಕಂಪನಿ ಚೀಟಿಯಲ್ಲಿ ಕೊಟ್ಟ ಅಂಗೀಕಾರದ ಮಿತಿ 85ರಿಂದ 115. ಹಲವು ಬಗೆಯ ಯಂತ್ರಗಳಿಗೆ ಸಲ್ಲಲೆಂದು ಇಂಥ ಮಿತಿಗಳನ್ನು ಸಡಿಲವಾಗಿಯೇ ಇಡುತ್ತಾರೆ. 94.5 ಆ ಮಿತಿಯೊಳಗೆ ಸುಖವಾಗಿ ಕುಳಿತಿತು. ಮುಂದೆ ದಿನವೂ 93, 95, 96, 94 ಎಂದು ಬಂದ ಚುಕ್ಕೆಗಳು ಒಂದೂ ಗೆರೆ ದಾಟಲಿಲ್ಲ. ನಕ್ಷೆ ನೋಡಿದ ಯಾರೇ ಆಗಲಿ ಲ್ಯಾಬನ್ನು ಹೊಗಳುವಂತಿತ್ತು.

ಈಗ ಹೊರಗಿನ ಅಂಕಗಳನ್ನು ನೋಡೋಣ. ಜನವರಿಯ ಸೀಸೆಯಲ್ಲಿ ಗುಂಪಿನ ಸರಾಸರಿ 92, ವಿಚಲನೆ 4. ಲ್ಯಾಬಿನ ಉತ್ತರ 87. ಅಂಕ ಋಣ 1.25. ಫೆಬ್ರವರಿಯಲ್ಲಿ ಸರಾಸರಿ 148, ವಿಚಲನೆ 6. ಉತ್ತರ 140, ಅಂಕ ಋಣ 1.33. ಮಾರ್ಚಿಯಲ್ಲಿ ಸರಾಸರಿ 246, ವಿಚಲನೆ 9. ಉತ್ತರ 232, ಅಂಕ ಋಣ 1.56. ಇದೇ ಬಗೆಯಲ್ಲಿ ಏಪ್ರಿಲಿನಲ್ಲಿ 105ಕ್ಕೆ 99, ಮೇಯಲ್ಲಿ 178ಕ್ಕೆ 168, ಜೂನಿನಲ್ಲಿ 80ಕ್ಕೆ 76. ಒಂದು ತಿಂಗಳಾದರೂ ಅಂಕ 2ನ್ನು ಮುಟ್ಟಲಿಲ್ಲ. ಆರು ಕಾಗದಗಳ ಮೇಲೂ ‘ತೃಪ್ತಿಕರ’ ಎಂದೇ ಅಚ್ಚಾಗಿತ್ತು.

ಆರೂ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದವನಿಗೆ ಕಾಣುವುದು ಬೇರೆಯೇ. ಆರಕ್ಕೆ ಆರೂ ಋಣ! ವಾಲಿಕೆಯಿಲ್ಲದ ಲ್ಯಾಬಿನ ಉತ್ತರಗಳು ಸರಾಸರಿಯ ಮೇಲೊಮ್ಮೆ, ಕೆಳಗೊಮ್ಮೆ ಬೀಳಬೇಕು. ನಾಣ್ಯವನ್ನು ಆರು ಸಲ ಚಿಮ್ಮಿದಾಗ ಆರು ಸಲವೂ ಹಿಂಬದಿಯೇ ಬೀಳುವ ಸಂಭವ 64ರಲ್ಲಿ ಒಂದು. ಇಲ್ಲಿಯಾದರೋ ಉತ್ತರಗಳು ಕೆಳಗೆ ಬಿದ್ದುವಷ್ಟೇ ಅಲ್ಲ, ಹೆಚ್ಚು ಕಡಿಮೆ ಒಂದೇ ದೂರದಲ್ಲಿ ಬಿದ್ದಿವೆ. ಆದುದರಿಂದ ಇದು ಅದೃಷ್ಟದ ಆಟವಲ್ಲ. ಯಂತ್ರವೇ ಒಂದು ಕಡೆಗೆ ವಾಲಿದೆ. ಒಂದು ತಿಂಗಳ ಅಂಕದಿಂದ ಹೊಳೆಯದ ದೋಷವನ್ನು ಆರು ತಿಂಗಳ ಚಿಹ್ನೆಗಳು ಹೇಳಿಬಿಡುತ್ತವೆ. ಅಂಕದ ಗಾತ್ರದಷ್ಟೇ ಅದರ ಚಿಹ್ನೆಯನ್ನೂ ಓದಬೇಕೆಂಬುದು ನಮ್ಮ ಮಾತಿನ ತಿರುಳು.

ಅದೇ ಕಾಗದಗಳು ದೋಷದ ಜಾತಿಯನ್ನೂ ತಿಳಿಸುತ್ತವೆ. 80ರ ಸೀಸೆಯಲ್ಲಿ ಕೊರತೆ 4, 105ರಲ್ಲಿ 6, 148ರಲ್ಲಿ 8, 178ರಲ್ಲಿ 10, 246ರಲ್ಲಿ 14. ಸಕ್ಕರೆ ಹೆಚ್ಚಿದಂತೆ ಕೊರತೆಯೂ ಅದೇ ಪ್ರಮಾಣದಲ್ಲಿ ಹೆಚ್ಚಿದೆ. ಕೊರತೆ ಎಲ್ಲೆಡೆಯೂ 6ರಷ್ಟೇ ಇದ್ದಿದ್ದರೆ, ಯಂತ್ರದ ಶೂನ್ಯವನ್ನು ಹೊಂದಿಸುವಲ್ಲಿ ತಪ್ಪಾಗಿದೆಯೇ ಎಂದು ಹುಡುಕಬೇಕಾಗಿತ್ತು. ಪ್ರಮಾಣಕ್ಕೆ ಸರಿಯಾಗಿ ಬೆಳೆದ ಕೊರತೆ ಬೆರಳು ತೋರಿಸುವುದು ಕ್ಯಾಲಿಬ್ರೇಟರಿನ ಕಡೆಗೆ. ಚೀಟಿಯನ್ನು ಯಂತ್ರದ ಸಂಖ್ಯೆಯೊಡನೆ ಹೋಲಿಸಿ ನೋಡಿದರೆ ಐದು ನಿಮಿಷದಲ್ಲಿ ಗಂಟು ಬಿಚ್ಚಿಕೊಳ್ಳುತ್ತದೆ.

ನಡುವಿನಲ್ಲಿ ಸಿಕ್ಕಿದ ರೋಗಿ

ನೂರಕ್ಕೆ ಐದೂವರೆ ಎಂಬುದು ಸಣ್ಣ ಮಾತಲ್ಲವೇ, ಇಷ್ಟಕ್ಕೆ ಇಷ್ಟು ಗದ್ದಲವೇಕೆ ಎಂದು ಕೇಳುವವರುಂಟು. ಸಕ್ಕರೆ 250 ಇರುವವನಿಗೆ 236 ಎಂದು ವರದಿ ಬಂದರೆ ಚಿಕಿತ್ಸೆಯಲ್ಲಿ ಹೆಚ್ಚಿನ ವ್ಯತ್ಯಾಸವಾಗದು. 85 ಇರುವವನಿಗೆ 80 ಎಂದರೂ ಹಾನಿಯಿಲ್ಲ. ಪೆಟ್ಟು ಬೀಳುವುದು ಗಡಿಯ ಮೇಲಿರುವವನಿಗೆ. ಬರಿಹೊಟ್ಟೆಯ ಸಕ್ಕರೆ 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹವೆಂದು ವೈದ್ಯಶಾಸ್ತ್ರ ಗೆರೆ ಹಾಕಿದೆ. ಕಲ್ಯಾಣದ ಒಬ್ಬ ಹೋಟೆಲು ನೌಕರನ ಸಕ್ಕರೆ ನಿಜವಾಗಿ 132 ಇದೆಯೆನ್ನಿ. ನಮ್ಮ ಉದಾಹರಣೆಯ ಲ್ಯಾಬು ಅವನಿಗೆ ಕೊಡುವ ವರದಿ 124 ಅಥವಾ 125. ರೋಗವಿಲ್ಲವೆಂದು ಅವನು ನಿಶ್ಚಿಂತನಾಗುತ್ತಾನೆ.

ಸಂದೇಹವಿದ್ದರೆ ಎರಡನೆಯ ಬಾರಿ ಪರೀಕ್ಷಿಸಬೇಕೆಂಬ ನಿಯಮವಿದೆ. ಜಾಗರೂಕರಾದ ವೈದ್ಯರು ವಾರ ಬಿಟ್ಟು ಮತ್ತೆ ಪರೀಕ್ಷೆ ಬರೆದುಕೊಡುತ್ತಾರೆ. ಅವನು ಅದೇ ಲ್ಯಾಬಿಗೆ ಹೋದರೆ ಮತ್ತೆ ಬರುವುದು 124! ‘ನೋಡಿ, ಎರಡು ಸಲವೂ ಒಂದೇ ಬಂದಿದೆ, ಆದ್ದರಿಂದ ನಿಜ’ ಎಂಬ ನಂಬಿಕೆ ಇನ್ನಷ್ಟು ಬಲವಾಗುತ್ತದೆ. ಎರಡು ವರ್ಷದ ಬಳಿಕ ಠಾಣೆಯ ಬೇರೊಂದು ಲ್ಯಾಬಿನಲ್ಲಿ 150 ಬಂದಾಗ ಕಾಯಿಲೆ ಈಗಷ್ಟೇ ಅಂಟಿಕೊಂಡಿತೆಂದು ಅವನು ತಿಳಿಯುತ್ತಾನೆ. ಪಥ್ಯ ಮಾಡಬಹುದಾಗಿದ್ದ ಎರಡು ವರ್ಷ ಕೈಬಿಟ್ಟುಹೋದವೆಂಬುದು ಅವನಿಗೂ ತಿಳಿಯದು, ಲ್ಯಾಬಿಗೂ ತಿಳಿಯದು.

ಆದುದರಿಂದ ದೋಷ ಕಂಡ ಬಳಿಕ ಯಂತ್ರದಲ್ಲಿ 106 ಎಂದು ತಿದ್ದಿ ಸುಮ್ಮನಾದರೆ ಕೆಲಸ ಅರ್ಧವಷ್ಟೇ ಆದಂತೆ. ತಿದ್ದಿದ ಮೇಲೆ ಕಂಟ್ರೋಲಿನ ಉತ್ತರ 94.5ರಿಂದ 100ಕ್ಕೆ ಏರಬೇಕು. ಹಳೆಯ ನಡುಗೆರೆಯನ್ನು ಅಳಿಸಿ ಹೊಸದನ್ನು ಎಳೆಯಬೇಕು. ಅಷ್ಟಾದ ಮೇಲೆ ರೋಗಿಗಳ ಹಳೆಯ ವರದಿಗಳನ್ನು ತೆಗೆದು ನೋಡಬೇಕು. ಆ ಲ್ಯಾಬು ಅಚ್ಚು ಹಾಕಿದ 119 ಎಂಬುದು ನಿಜವಾಗಿ 126. ಹಾಗಾಗಿ ಡಿಸೆಂಬರಿನ ಕೊನೆಯಿಂದ 119ರಿಂದ 125ರವರೆಗೆ ವರದಿ ಪಡೆದ ಪ್ರತಿಯೊಬ್ಬರನ್ನೂ ಕರೆದು, ಮತ್ತೆ ರಕ್ತ ತೆಗೆದು, ಶುಲ್ಕವಿಲ್ಲದೆ ಪರೀಕ್ಷಿಸಿಕೊಡುವುದು ಧರ್ಮ. ಇದು ಹೆಸರಿಗೆ ಕುಂದೆಂದು ಹಿಂಜರಿಯುವವರಿದ್ದಾರೆ. ನಮ್ಮ ದೃಷ್ಟಿಯಲ್ಲಿ ಹಾಗೆ ಕರೆದು ಹೇಳುವ ಲ್ಯಾಬೇ ವಿಶ್ವಾಸಕ್ಕೆ ಹೆಚ್ಚು ಪಾತ್ರವಾದುದು.

ಒರೆಗಲ್ಲಿಗೂ ಮಿತಿಯುಂಟು

ಹೊರಗಿನ ಪರೀಕ್ಷೆ ಎಲ್ಲವನ್ನೂ ಹಿಡಿಯುತ್ತದೆಂದು ನಾವು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಯೋಜನೆಯ ಸೀರಮ್ಮು ಹಲವು ವೇಳೆ ಪುಡಿಯ ರೂಪದಲ್ಲಿ ಬರುತ್ತದೆ. ಅದಕ್ಕೆ ಪಿಪೆಟ್ಟಿನಿಂದ ಅಳೆದು, ಉದಾಹರಣೆಗೆ 5 ಮಿಲಿಲೀಟರ್, ನೀರು ಸೇರಿಸಬೇಕು. ಪಿಪೆಟ್ಟೇ ಕೆಟ್ಟು 4.75 ಮಿಲಿಲೀಟರನ್ನಷ್ಟೇ ಬಿಡುತ್ತಿದೆಯೆನ್ನಿ. ಕ್ಯಾಲಿಬ್ರೇಟರೂ ಪುಡಿಯಾಗಿದ್ದು ಅದನ್ನೂ ಇದೇ ಪಿಪೆಟ್ಟಿನಿಂದ ಕರಗಿಸಿದ್ದರೆ ಅದು ಗಟ್ಟಿಯಾಗುತ್ತದೆ. ಯಂತ್ರ ಎಲ್ಲವನ್ನೂ ನೂರಕ್ಕೆ ಐದರಂತೆ ಕಡಿಮೆ ಓದುತ್ತದೆ. ಯೋಜನೆಯ ಸೀಸೆಯೂ ಅದೇ ಪಿಪೆಟ್ಟಿನಿಂದ ಅಷ್ಟೇ ಗಟ್ಟಿಯಾಗುವುದರಿಂದ ಎರಡು ತಪ್ಪುಗಳೂ ಒಂದನ್ನೊಂದು ತಿಂದುಹಾಕುತ್ತವೆ. ಅಂಕ ಸೊನ್ನೆಯ ಸಮೀಪ ಬರುತ್ತದೆ. ರೋಗಿಯ ರಕ್ತಕ್ಕೆ ಮಾತ್ರ ಯಾರೂ ನೀರು ಬೆರೆಸುವುದಿಲ್ಲವಷ್ಟೆ. ಅವನ ವರದಿ ತಪ್ಪಾಗಿಯೇ ಉಳಿಯುತ್ತದೆ. ಇದಕ್ಕೆ ಮದ್ದು ಪಿಪೆಟ್ಟನ್ನೇ ಪರೀಕ್ಷಿಸುವುದು. ಅದು ಬಿಟ್ಟ ನೀರನ್ನು ನಯವಾದ ತಕ್ಕಡಿಯಲ್ಲಿ ತೂಗಿದರೆ ನಿಜ ತಿಳಿಯುತ್ತದೆ.

ಎರಡನೆಯ ಮಿತಿ ಗುಂಪಿನದು. ಸಮಾನರ ಗುಂಪಿನ ಸರಾಸರಿಯೆಂದರೆ ಗುಂಪಿನವರ ಒಮ್ಮತವೇ ಹೊರತು ಅದೇ ಸತ್ಯವೆಂದಲ್ಲ. ಮೂತ್ರಪಿಂಡದ ಪರೀಕ್ಷೆಗೆ ಬಳಸುವ ಕ್ರಿಯಾಟಿನಿನ್ ಇದಕ್ಕೆ ಪ್ರಸಿದ್ಧ ನಿದರ್ಶನ. ಯಾಫೆ ಎಂಬವರ ಹೆಸರಿನ ಹಳೆಯ ವಿಧಾನದಲ್ಲಿ ಕ್ರಿಯಾಟಿನಿನ್ ಅಲ್ಲದ ರಕ್ತದ ಇತರ ಕೆಲವು ಪದಾರ್ಥಗಳೂ ಬಣ್ಣ ತೋರಿಸುತ್ತವೆ. ಆ ವಿಧಾನ ಬಳಸುವವರೆಲ್ಲ ಒಟ್ಟಾಗಿಯೇ ಹೆಚ್ಚು ಓದಿದರೆ, ಗುಂಪಿನೊಳಗೆ ಎಲ್ಲರ ಅಂಕಗಳೂ ಚೆನ್ನಾಗಿಯೇ ಬರುತ್ತವೆ. ಹಾಗೆಂದು ಎಲ್ಲ ವಿಧಾನಗಳನ್ನೂ ಒಟ್ಟುಗೂಡಿಸಿ ಹೋಲಿಸುವುದೂ ಸುಲಭವಲ್ಲ. ಸಂಸ್ಕರಿಸಿದ ಸೀರಮ್ಮು ಒಂದೊಂದು ವಿಧಾನದಲ್ಲಿ ಒಂದೊಂದು ಬಗೆಯಾಗಿ, ರೋಗಿಯ ತಾಜಾ ರಕ್ತದಂತಲ್ಲದೆ, ವರ್ತಿಸುವುದುಂಟು. ಗುಂಪು ಮಾಡಿರುವುದೇ ಆ ಕಾರಣಕ್ಕಾಗಿ. ವಿಧಾನದ ದೋಷ ತಿಳಿಯಬೇಕಾದರೆ ತಾಜಾ ರಕ್ತದಂತೆಯೇ ವರ್ತಿಸುವ ಸೀರಮ್ಮನ್ನು ಮೇಲ್ಮಟ್ಟದ ಪ್ರಮಾಣಿತ ವಿಧಾನದಿಂದ ಅಳೆದು ಹೋಲಿಸಬೇಕು, ಅದು ದುಬಾರಿ.

ಮೂರನೆಯದು ನಮ್ಮ ಊರುಗಳಿಗೆ ವಿಶೇಷವಾಗಿ ಸಲ್ಲುವುದು. ಈಗೀಗ ಬೀದಿಬೀದಿಯಲ್ಲಿರುವ ಹಲವು ಫಲಕಗಳು ಲ್ಯಾಬಿನವಲ್ಲ, ರಕ್ತ ಸಂಗ್ರಹಿಸುವ ಕೇಂದ್ರಗಳವು. ಅಲ್ಲಿ ತೆಗೆದ ರಕ್ತ ಮೋಟಾರು ಸೈಕಲಿನಲ್ಲೋ ಲೋಕಲ್ ರೈಲಿನಲ್ಲೋ ದೊಡ್ಡ ಲ್ಯಾಬಿಗೆ ಪ್ರಯಾಣ ಮಾಡುತ್ತದೆ. ಸಾದಾ ನಳಿಗೆಯಲ್ಲಿ ಬಿಟ್ಟ ರಕ್ತದ ಕಣಗಳು ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಸಕ್ಕರೆಯನ್ನು ತಾವೇ ತಿಂದುಬಿಡುತ್ತವೆ; ಸೆಕೆಯಲ್ಲಿ ಇನ್ನೂ ಬೇಗ. ಇದನ್ನು ತಡೆಯಲೆಂದೇ ಸಕ್ಕರೆಯ ಪರೀಕ್ಷೆಗೆ ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ನಳಿಗೆಯಿದೆ; ಅದೂ ಸೇರಿದೊಡನೆ ಪೂರ್ಣವಾಗಿ ತಡೆಯುವುದಿಲ್ಲ. ಯೋಜನೆಯ ಸೀಸೆಯಾದರೋ ನೇರವಾಗಿ ಲ್ಯಾಬಿಗೇ ಬರುತ್ತದೆ. ಸೂಜಿಯಿಂದ ಯಂತ್ರದವರೆಗಿನ ದಾರಿಯಲ್ಲಿ ಆಗುವ ತಪ್ಪು ಯಾವ ಅಂಕದಲ್ಲೂ ಕಾಣಿಸದು.

ಇವಕ್ಕೆಲ್ಲ ಮಿಗಿಲಾದುದು ಮನುಷ್ಯನ ಚಾಪಲ್ಯ. ಯೋಜನೆಯ ಸೀಸೆ ಬಂದ ದಿನ ಯಂತ್ರವನ್ನು ಒರೆಸಿ, ಹಿರಿಯ ಟೆಕ್ನಿಷಿಯನ್ನರನ್ನು ಕೂರಿಸಿ, ಮೂರು ಸಲ ಅಳೆದು ಸರಾಸರಿ ಕಳುಹಿಸುವ ಪದ್ಧತಿಯಿದ್ದರೆ ಅಂಕ ಸಿಕ್ಕೀತು, ಜ್ಞಾನ ಸಿಕ್ಕದು. ಪಕ್ಕದ ಲ್ಯಾಬಿಗೆ ಫೋನ್ ಮಾಡಿ ‘ನಿಮಗೆಷ್ಟು ಬಂದಿತು’ ಎಂದು ಕೇಳಿ ತಿದ್ದಿದರಂತೂ ಕಟ್ಟಿದ ಚಂದಾ ನೀರಿನಲ್ಲಿ ಹೋಮ ಮಾಡಿದಂತೆ. ಸೀಸೆಯನ್ನು ರೋಗಿಗಳ ರಕ್ತದ ಸಾಲಿನಲ್ಲೇ ಇಟ್ಟು, ಅಂದು ಪಾಳಿಯಲ್ಲಿರುವವರೇ ಒಂದೇ ಸಲ ಅಳೆಯತಕ್ಕದ್ದು.

ಕೇಳಬೇಕಾದ ಮಾತು

ಎನ್.ಎ.ಬಿ.ಎಲ್. ಎಂಬ ರಾಷ್ಟ್ರೀಯ ಮಂಡಲಿಯ ಮಾನ್ಯತೆ ಪಡೆದ ಲ್ಯಾಬುಗಳು ಇಂಥ ಯೋಜನೆಯಲ್ಲಿ ಭಾಗವಹಿಸಲೇಬೇಕು. ಮಾನ್ಯತೆ ಪಡೆಯುವುದು ಮಾತ್ರ ಲ್ಯಾಬಿನ ಇಚ್ಛೆಗೆ ಬಿಟ್ಟದ್ದು. ಚಂದಾ ಭಾರವೆನಿಸುವ ಸಣ್ಣ ಲ್ಯಾಬುಗಳಿಗೂ ಒಂದು ದಾರಿಯಿದೆ. ಡೊಂಬಿವಲಿ, ಕಲ್ಯಾಣಗಳ ನಾಲ್ಕೈದು ಲ್ಯಾಬುಗಳು ಸೇರಿ, ತಿಂಗಳಿಗೊಮ್ಮೆ ಒಂದೇ ಸೀರಮ್ಮನ್ನು ಹೆಸರಿಲ್ಲದೆ ಹಂಚಿಕೊಂಡು ಅಳೆದು, ಉತ್ತರಗಳನ್ನು ಒಂದು ಪುಸ್ತಕದಲ್ಲಿ ಚಿಹ್ನೆ ಸಹಿತ ಬರೆದಿಡಬಹುದು. ಎಲ್ಲರೂ ಒಂದೇ ಕಂಪನಿಯ ಒಂದೇ ಲಾಟನ್ನು ಬಳಸುತ್ತಿದ್ದರೆ ಇದರಿಂದ ಪೂರ್ಣ ಪ್ರಯೋಜನವಾಗದು. ಬೇರೆ ಬೇರೆ ಸಾಮಗ್ರಿಯಿದ್ದರೆ ನಮ್ಮ ಉದಾಹರಣೆಯಂಥ ದೋಷ ಕೆಲವೇ ತಿಂಗಳುಗಳಲ್ಲಿ ಹೊರಬರುತ್ತದೆ.

ವಾಚಕರು ಗಡಿಯ ಸಂಖ್ಯೆ ಬಂದಾಗ ಎರಡನೆಯ ಪರೀಕ್ಷೆಯನ್ನು ಬೇರೊಂದು ಲ್ಯಾಬಿನಲ್ಲಿ ಮಾಡಿಸಿ, ಎರಡು ವರದಿಗಳನ್ನೂ ವೈದ್ಯರ ಮುಂದಿಡುವುದು ಒಳ್ಳೆಯದು. ದಿನದಿಂದ ದಿನಕ್ಕೆ ಸಕ್ಕರೆಯಲ್ಲಿ ಸ್ವಲ್ಪ ಏರಿಳಿತ ಸಹಜವಾದುದರಿಂದ ಎರಡೂ ಒಂದೇ ಬರಲಿಲ್ಲವೆಂದು ಕೂಡಲೇ ಲ್ಯಾಬಿನ ಮೇಲೆ ದೂರು ಹೇಳುವುದು ನ್ಯಾಯವಲ್ಲ. ಆದರೆ ‘ಹೊರಗಿನ ಯೋಜನೆಯಲ್ಲಿ ಸೇರಿದ್ದೀರಾ? ಕಳೆದ ಆರು ತಿಂಗಳ ಅಂಕಗಳು ಯಾವ ಕಡೆಗೆ ಬಿದ್ದಿವೆ?’ ಎಂದು ಸೌಜನ್ಯದಿಂದ ಕೇಳುವ ಅಧಿಕಾರ ಹಣ ಕೊಡುವ ಪ್ರತಿಯೊಬ್ಬ ಗಿರಾಕಿಗೂ ಇದೆ. ಆ ಪ್ರಶ್ನೆಗೆ ಸಿಟ್ಟಾಗದೆ ಫೈಲನ್ನು ತೆರೆದು ತೋರಿಸುವ ಲ್ಯಾಬು ಎಲ್ಲಿದೆಯೋ, ಅಲ್ಲಿ ಬೇಕಾದರೆ ಎರಡು ರೂಪಾಯಿ ಹೆಚ್ಚು ಕೊಟ್ಟಾದರೂ ರಕ್ತ ಕೊಡಬಹುದೆಂದು ನಮಗೆ ತೋರುತ್ತದೆ.